ಡಿಸೈನ್‌ಗೆ ‘ಸೂಪರ್ ಸರ್’ ಅಂದ್ರೆ ಒಪ್ಪಿಗೆ ಅಲ್ಲ

ಇವತ್ತಿನ ಸಂಚಿಕೆ ವೆಬ್‌ಸೈಟ್, ಬ್ರೋಷರ್, ಪ್ಯಾಕಿಂಗ್ ಡಿಸೈನ್ ಮಾಡಿಕೊಡುವ ಫ್ರೀಲಾನ್ಸರ್‌ಗಳಿಗೆ. ಮಾಕಪ್ ಕಳಿಸಿದ್ದೀರಿ, ಕ್ಲೈಂಟ್ ವಾಟ್ಸ್ಆ್ಯಪ್‌ನಲ್ಲಿ ಒಂದು ಹೆಬ್ಬೆಟ್ಟು ಒತ್ತಿದ್ದಾರೆ. ಕೆಲಸ ಶುರು ಮಾಡಬಹುದಾ? ಬೇಡ ಅಂತೀನಿ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ.

ಹುಬ್ಬಳ್ಳಿಯಲ್ಲೊಂದು ಸಿಹಿತಿಂಡಿ ಅಂಗಡಿ ಅಂದುಕೊಳ್ಳಿ. ದೀಪಾವಳಿ ಆರ್ಡರ್ ಆನ್‌ಲೈನ್‌ನಲ್ಲಿ ತಗೋಬೇಕು, ಹಾಗಾಗಿ 2026ರ ಅಕ್ಟೋಬರ್ 26, ಸೋಮವಾರ ವೆಬ್‌ಸೈಟ್ ತೆರೆಯಬೇಕು. ಕೋಡಿಂಗ್‌ಗೆ 12 ದಿನ, ಫೋಟೊ-ಬೆಲೆ ತುಂಬಿ ಪರೀಕ್ಷೆ ಮಾಡೋಕೆ 4 ದಿನ. ನಡುವೆ ಆಯುಧಪೂಜೆ, ವಿಜಯದಶಮಿ ಎರಡು ದಿನ ರಜೆ. ಒಟ್ಟು 18 ದಿನ. ಭಾನುವಾರ ಬಿಟ್ಟು ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 5, ಸೋಮವಾರ ಕೋಡಿಂಗ್ ಶುರುವಾಗಲೇಬೇಕು. 2ನೇ ತಾರೀಖು ಗಾಂಧಿ ಜಯಂತಿ. ಚಿಕ್ಕಪುಟ್ಟ ತಿದ್ದುಪಡಿಗೆ 3ರ ಶನಿವಾರ ಇಟ್ಟುಕೊಂಡರೆ, ಕ್ಲೈಂಟ್ ಉತ್ತರ ಗುರುವಾರ, ಅಕ್ಟೋಬರ್ 1ರ ಸಂಜೆ 5ರೊಳಗೆ ಬರಬೇಕು.

ನೋಡಿ, ಈ ಗಡುವು ನಮ್ಮ ಮನಸ್ಸಿಗೆ ಬಂದ ದಿನ ಅಲ್ಲ, ಅವರದೇ ದೀಪಾವಳಿಯಿಂದ ಬಂದದ್ದು. ಈ ಲೆಕ್ಕವನ್ನು ಹಾಗೇ ಹೇಳಿದರೆ ಕ್ಲೈಂಟ್‌ಗೆ ಒತ್ತಾಯ ಅನಿಸೋದಿಲ್ಲ. ‘ಆದಷ್ಟು ಬೇಗ ತಿಳಿಸಿ’ ಅಂತ ಬರೆದರೆ ಮಾತ್ರ ಉತ್ತರ ಬರೋದು ನಿಧಾನ.

ಬರವಣಿಗೆಯಲ್ಲೇ ಯಾಕೆ? ಮಾಕಪ್‌ನಲ್ಲಿ ಬೆಲೆಯನ್ನು ಫೋಟೊದ ಕೆಳಗಿಂದ ಪಕ್ಕಕ್ಕೆ ಸರಿಸೋದು ಕೆಲವು ನಿಮಿಷದ ಕೆಲಸ. ಕೋಡಿಂಗ್ ಆದ ಮೇಲೆ ಅದೇ ಬದಲಾವಣೆಯನ್ನು ಮೊಬೈಲ್‌ಗೂ ಕಂಪ್ಯೂಟರ್‌ಗೂ ಬೇರೆಬೇರೆ ಹೊಂದಿಸಿ, ಮತ್ತೆ ಪರೀಕ್ಷಿಸಬೇಕು. ಯಜಮಾನರು ‘ಸೂಪರ್’ ಅಂದಿರ್ತಾರೆ. ಹತ್ತು ದಿನ ಬಿಟ್ಟು ಅವರ ತಮ್ಮ ಬಂದು ‘ಅಣ್ಣಾ, ಈ ಬಣ್ಣ ಬೇಡ’ ಅಂತಾರೆ. ‘ಸೂಪರ್’ ಅಂದದ್ದು ಎರಡನೇ ಫೈಲಿಗೋ ಮೂರನೇದಕ್ಕೋ, ಯಾರಿಗೂ ನೆನಪಿರೋದಿಲ್ಲ.

ಹಾಗಾಗಿ ಸೆಪ್ಟೆಂಬರ್ 25ರ ಶುಕ್ರವಾರವೇ ಮೇಲ್ ಹೋಗಲಿ. ನಾನು ಬರೆಯೋದಾದರೆ ಹೀಗೆ:

‘ನಮಸ್ಕಾರ ಸರ್. ಮುಖಪುಟ, ತಿಂಡಿಗಳ ಪುಟ, ಆರ್ಡರ್ ಪುಟ, ಈ ಮೂರರ ಡಿಸೈನ್ `Mockup_v3.pdf` ಫೈಲಿನಲ್ಲಿದೆ. ಜೋಡಣೆ, ಬಣ್ಣ, ಅಕ್ಷರದ ಶೈಲಿ ನೋಡಿ. ಬೆಲೆ ಮತ್ತು ಫೋಟೊ ಸದ್ಯಕ್ಕೆ ನಮೂನೆ ಮಾತ್ರ. ಅಕ್ಟೋಬರ್ 1, ಗುರುವಾರ ಸಂಜೆ 5ರೊಳಗೆ ಈ ಮೇಲ್‌ಗೆ “v3 ಒಪ್ಪಿದ್ದೇನೆ” ಎಂದು ಉತ್ತರಿಸಿ. ಬದಲಾವಣೆ ಇದ್ದರೆ ಮನೆಯವರೆಲ್ಲರ ಅಭಿಪ್ರಾಯ ಸೇರಿಸಿ ಒಂದೇ ಪಟ್ಟಿ ಕಳಿಸಿ. ಇದರಂತೆ ನಡೆದರೆ 5ರಂದು ಕೋಡಿಂಗ್ ಶುರುವಾಗಿ 26ಕ್ಕೆ ಸೈಟ್ ತೆರೆಯುತ್ತದೆ. ಕೋಡಿಂಗ್ ಎಷ್ಟು ದಿನ ತಡವಾಗುತ್ತದೋ 26 ಅಷ್ಟು ದಿನ ಮುಂದಕ್ಕೆ ಹೋಗುತ್ತದೆ.’

ಇಷ್ಟೇ. ಯಾವ ಫೈಲು, ಏನನ್ನು ಒಪ್ಪಬೇಕು, ಯಾವಾಗ, ತಡವಾದರೆ ಏನಾಗುತ್ತೆ, ನಾಲ್ಕೂ ಬಂತು. ‘ನಮೂನೆ ಮಾತ್ರ’ ಅನ್ನೋ ಮಾತು ಬಿಡಬೇಡಿ. ಇಲ್ಲದಿದ್ದರೆ ಅವರು ಮೈಸೂರುಪಾಕಿನ ರೇಟು ತಿದ್ದುತ್ತಾ ಕೂತು, ಡಿಸೈನ್ ಬಗ್ಗೆ ಏನೂ ಹೇಳೋದೇ ಇಲ್ಲ.

30ರ ಬುಧವಾರ ಬೆಳಿಗ್ಗೆ ಅದೇ ಮೇಲ್‌ನಡಿ ಎರಡು ಸಾಲಿನ ನೆನಪೋಲೆ, ಆಮೇಲೊಂದು ಫೋನು. ಫೋನಲ್ಲೇ ‘ಓಕೆ ಮಾಡ್ಕೊಳ್ಳಪ್ಪಾ’ ಅಂದರೆ? ಖುಷಿಯಿಂದ ಇಟ್ಟುಬಿಡಬೇಡಿ. ‘ಈಗ ಮಾತಾಡಿದಂತೆ v3ಗೆ ನಿಮ್ಮ ಒಪ್ಪಿಗೆ ಇದೆ, ಸರಿಯಿದ್ದರೆ ಹೌದು ಎನ್ನಿ ಸರ್’ ಅಂತ ಆಗಲೇ ಕಳಿಸಿ. ಮೇಲ್ ನೋಡದವರಾದರೆ ವಾಟ್ಸ್ಆ್ಯಪ್ ಕೂಡ ನಡೆಯುತ್ತೆ, ಅದರಲ್ಲಿ ಫೈಲಿನ ಹೆಸರು ಇರಬೇಕು ಅಷ್ಟೆ.

ಉತ್ತರವೇ ಬರಲಿಲ್ಲ ಅಂದ್ರೆ? ಕೆಲವರು ಮೇಲ್ ಕೊನೆಗೆ ‘ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇವೆ’ ಅಂತ ಸೇರಿಸ್ತಾರೆ. ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಓದಿದವರಿಗೆ ನೆನಪಿರುತ್ತೆ: 1872ರ ಕರಾರು ಕಾಯ್ದೆಯ ಪಾಠದಲ್ಲಿ, ಸಾಮಾನ್ಯವಾಗಿ ಬರೀ ಮೌನ ಒಪ್ಪಿಗೆ ಆಗೋದಿಲ್ಲ. ಆ ನಿಯಮ ಬೇಕಿದ್ದರೆ ಮೊದಲ ಕೊಟೇಶನ್‌ನಲ್ಲೇ ಬರೆದು, ಅಡ್ವಾನ್ಸ್ ತಗೊಳ್ಳುವಾಗಲೇ ಒಪ್ಪಿಸಿಕೊಳ್ಳಿ. ಹಾಗೆ ಬರೆದಿದ್ದರೂ ಯಜಮಾನರು ನೋಡೇ ಇರದ ಡಿಸೈನ್ ಮೇಲೆ ಎರಡು ವಾರದ ಕೋಡಿಂಗ್ ಮಾಡೋಕೆ ನಾನಂತೂ ಹೇಳಲ್ಲ. ಕೆಲಸ ನಿಲ್ಲಿಸಿ, ಹೊಸ ದಿನಾಂಕ ಬರೆದು ಕಳಿಸಿ: ‘ಇನ್ನೂ ಒಪ್ಪಿಗೆ ಬಂದಿಲ್ಲ ಸರ್. ಬುಧವಾರ, 7ರಂದು ಶುರು ಮಾಡಿದರೆ ಸೈಟ್ 28ಕ್ಕೆ.’ ಈ ಒಂದು ಸಾಲಿಗೆ ಉತ್ತರ ಬರೋ ಸಾಧ್ಯತೆ ಹೆಚ್ಚು, ಯಾಕಂದ್ರೆ ಹೋಗ್ತಿರೋದು ಅವರ ಹಬ್ಬದ ವ್ಯಾಪಾರದ ಎರಡು ದಿನ.

ಒಪ್ಪಿಗೆ ಬಂದ ಮೇಲೂ ಬದಲಾವಣೆ ಕೇಳ್ತಾರೆ. ಕೇಳಲಿ. ಆಗ ‘ಆಗಲ್ಲ’ ಅಂತ ಜಗಳ ಆಡಬೇಕಿಲ್ಲ. ಒಪ್ಪಿದ v3 ತೋರಿಸಿ, ಈ ಬದಲಾವಣೆಗೆ ಇಷ್ಟು ದಿನ, ಇಷ್ಟು ದುಡ್ಡು ಅಂತ ಹೇಳಿದರಾಯಿತು. ಮಾಡಿಸಬೇಕೋ ಬೇಡವೋ ಅಣ್ಣ-ತಮ್ಮ ಕೂತು ತೀರ್ಮಾನಿಸ್ತಾರೆ.