ಬೈಗುಳಕ್ಕೆ ಕಾಗದವಿಲ್ಲ

ಕೃಷ್ಣೆಯ ದಂಡೆಯ ಉಗಾರ ಬುದ್ರುಕಿನಂಥ ಗಡಿಯೂರುಗಳಲ್ಲಿ ಹೆಣ್ಣು ಕೊಡುವುದು, ತರುವುದು ರಾಜ್ಯದ ಎಲ್ಲೆಯನ್ನು ನೋಡಿ ನಡೆಯುವ ವ್ಯವಹಾರವಲ್ಲ. ಮಿರಜಿಗೆ ಕೊಟ್ಟ ಮಗಳು ಹಬ್ಬಕ್ಕೆ ತವರಿಗೆ ಬರುತ್ತಾಳೆ. ಅಥಣಿಯ ಪೇಟೆಗೆಂದು ಬಸ್ಸು ಹತ್ತುತ್ತಾಳೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಹಣವಿಲ್ಲದ ಶೂನ್ಯ ಟಿಕೆಟ್ಟು ದೊರೆಯುತ್ತದೆ. ಆದರೆ ಮದುವೆಯ ನಂತರ ಈಕೆಯ ಆಧಾರ್ ಕಾರ್ಡಿಗೆ ಮಹಾರಾಷ್ಟ್ರದ ವಿಳಾಸ ಬಂದಿದೆ. ನಾವೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ.

"ಇದ ನನ್ನ ತವರಮನಿ ಊರ. ಹುಟ್ಟಿದ್ದ ಇಲ್ಲೇ" ಎನ್ನುತ್ತಾಳೆ ಆಕೆ.

"ಖರೇ ಅದರಿ ಅಕ್ಕಾರ. ಆದ್ರ ಕಾರ್ಡಿನ್ಯಾಗ ಮಿರಜ ಐತ್ರಿ, ನಾ ಏನ ಮಾಡ್ಲಿ?"

ಈ ಮಾತಿನಲ್ಲಿ ಇಬ್ಬರದೂ ಸತ್ಯವೇ. ಆಕೆಗೆ ಉತ್ತರ ಕೊಡಬೇಕಾದವನು ನಿಯಮ ಬರೆದವನು. ಆದರೆ ಅವನು ಬಸ್ಸಿನಲ್ಲಿಲ್ಲ. ಜೊತೆಯಲ್ಲಿದ್ದ ಅಣ್ಣನು ಎದ್ದು ನಿಲ್ಲುತ್ತಾನೆ. "ನಿಮ್ಮಪ್ಪನ ಬಸ್ಸೇನೋ ಇದು?" ಎಂಬಲ್ಲಿಗೆ ಆರಂಭವಾದ ಮಾತು ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಕಂಡಕ್ಟರನ ತಾಯಿಯವರೆಗೆ ಹೋಗಿರುತ್ತದೆ. ಕಂಡಕ್ಟರನೇನಾದರೂ ಸೋತು ಶೂನ್ಯ ಟಿಕೆಟ್ಟು ಹರಿದುಕೊಟ್ಟನೋ, ಮುಂದೆ ತಪಾಸಣೆಯವರು ಹತ್ತಿದಾಗ ಅನರ್ಹರಿಗೆ ಟಿಕೆಟ್ಟು ಕೊಟ್ಟ ಅಪರಾಧ ಅವನದೇ. ಕೊಡದಿದ್ದರೆ ಬೈಗುಳ, ಅದರ ಹಿಂದೆಯೇ ಡಿಪೊಗೆ ಒಂದು ದೂರು: "ನಿಮ್ಮ ಕಂಡಕ್ಟರ ಹೆಣ್ಣುಮಗಳ ಜೋಡಿ ಉದ್ಧಟತನದಿಂದ ವರ್ತಿಸಿದ."

ಡಿಪೊ ಮ್ಯಾನೇಜರರನ್ನು ಕ್ರೂರಿಯೆಂದು ಬಗೆಯಬೇಕಾಗಿಲ್ಲ. ಅವರ ಮೇಜಿನ ಮೇಲೆ ಇರುವುದೇನು ಎಂಬುದನ್ನಷ್ಟೇ ನೋಡಬೇಕು. ಪ್ರಯಾಣಿಕನ ದೂರಿಗೆ ಒಂದು ಕ್ರಮಸಂಖ್ಯೆಯುಂಟು, ದಿನಾಂಕವುಂಟು, ಮೇಲಿನ ಕಚೇರಿಗೆ ಉತ್ತರ ಹೋಗಬೇಕೆಂಬ ಒತ್ತಾಯವುಂಟು. ಕಂಡಕ್ಟರನು ತಿಂದ ಬೈಗುಳಕ್ಕೆ ಇದಾವುದೂ ಇಲ್ಲ. ಅದು ಗಾಳಿಯಲ್ಲಿ ಹೋದ ಮಾತು. ಕಂಡಕ್ಟರನಿಗೊಂದು ಮೆಮೊ ಕೊಟ್ಟು ಸಮಜಾಯಿಷಿ ಪಡೆದರೆ ದೂರಿನ ಕಡತ ಮುಚ್ಚುತ್ತದೆ. ಪ್ರಯಾಣಿಕನನ್ನು ಕರೆಸಿ ಕೇಳಹೊರಟರೆ ಕಡತ ತೆರೆದೇ ಉಳಿಯುತ್ತದೆ. ಮ್ಯಾನೇಜರರು ಗ್ರಾಹಕನ ಪಕ್ಷ ವಹಿಸುವುದು ಬಹುಮಟ್ಟಿಗೆ ಈ ಸೌಲಭ್ಯಕ್ಕಾಗಿ. (ಗ್ರಾಹಕನೇ ನಮ್ಮ ಬಹುಮುಖ್ಯ ಅತಿಥಿ ಎಂಬರ್ಥದ ಫಲಕವೊಂದು ಅನೇಕ ಬ್ಯಾಂಕುಗಳ ಗೋಡೆಯ ಮೇಲೆ ಗಾಂಧೀಜಿಯವರ ಹೆಸರಿನಲ್ಲಿ ತೂಗುತ್ತದೆ. ಆ ಮಾತು ಅವರ ಬರಹಗಳಲ್ಲಿ ಸಿಕ್ಕಿಲ್ಲ.)

ವಿಚಾರಣೆಯವರೆಗೆ ಹೋದರೂ ತಕ್ಕಡಿ ಸಮನಾಗದು. 1977ರಲ್ಲಿ ಸುಪ್ರೀಂ ಕೋರ್ಟು ಹರಿಯಾಣದ ಬಸ್ ಕಂಡಕ್ಟರನೊಬ್ಬನ ಪ್ರಕರಣದಲ್ಲಿ ತೀರ್ಪಿತ್ತಿತು. ಹಣ ಪಡೆದು ಟಿಕೆಟ್ಟು ಕೊಟ್ಟಿಲ್ಲವೆಂಬುದು ಅವನ ಮೇಲಿದ್ದ ಆರೋಪ. ಪ್ರಯಾಣಿಕರ ಹೇಳಿಕೆಗಳನ್ನು ಬರೆದುಕೊಂಡಿರಲಿಲ್ಲ. ಆದರೂ ಇಲಾಖಾ ವಿಚಾರಣೆಗೆ ನ್ಯಾಯಾಲಯದ ಕಟ್ಟುನಿಟ್ಟಿನ ಸಾಕ್ಷ್ಯ ನಿಯಮ ಬೇಕಿಲ್ಲ, ತಪಾಸಣಾಧಿಕಾರಿಯ ಸಾಕ್ಷ್ಯದ ಮೇಲೆ ಕ್ರಮ ಕೈಗೊಳ್ಳಬಹುದು ಎಂದಾಯಿತು. ಹಣದ ಕಳ್ಳತನಕ್ಕೆ ಇದು ಒಪ್ಪಬಹುದಾದ ಮಾತು. ನಡತೆಯ ದೂರಿಗೂ ಅದೇ ಸಡಿಲತೆ ಹರಿದುಬಂದರೆ, ಬೈದವನು ಎದುರು ಬಂದು ಒಂದು ಪ್ರಶ್ನೆಗೂ ಉತ್ತರ ಹೇಳದೆ ಬೈಸಿಕೊಂಡವನು ದಂಡನೆ ಅನುಭವಿಸುವುದು ಸಾಧ್ಯ.

ಪೊಲೀಸರಲ್ಲಿಗೆ ಹೋಗಬಾರದೇ ಎಂದು ಕೇಳಬಹುದು. ಸಾರಿಗೆ ನಿಗಮದ ನೌಕರರನ್ನು 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆ ಸಾರ್ವಜನಿಕ ನೌಕರರೆಂದು ಪರಿಗಣಿಸುತ್ತದೆ. ಕರ್ತವ್ಯದಲ್ಲಿರುವಾಗ ಅವರ ಮೇಲೆ ಕೈ ಮಾಡಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಮಿನಂತೆ ಪೊಲೀಸರು ನೇರವಾಗಿ ಮೊಕದ್ದಮೆ ದಾಖಲಿಸಬಹುದು. ಆದರೆ ಬರಿಯ ಅವಾಚ್ಯ ಬೈಗುಳ ಸಾಮಾನ್ಯವಾಗಿ 352ನೆಯ ಕಲಮಿಗೆ ಬರುತ್ತದೆ. ಅಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗಿಳಿಯುವಂತಿಲ್ಲ. ಅಂದರೆ ಏಟು ಬೀಳುವವರೆಗೆ ಕಾನೂನು ನಿಧಾನಗತಿಯದು.

ಏಟು ಬಿದ್ದ ಪ್ರಕರಣವನ್ನು ನಾವು ಬಲ್ಲೆವು. 2025ರ ಫೆಬ್ರುವರಿ 21ರಂದು ಬೆಳಗಾವಿಯ ಬಳಿ ಬಾಳೇಕುಂದ್ರಿಯ ದಾರಿಯಲ್ಲಿ ಟಿಕೆಟ್ಟಿನ ವ್ಯವಹಾರ ಭಾಷೆಯ ಜಗಳಕ್ಕೆ ತಿರುಗಿ ಕಂಡಕ್ಟರರೊಬ್ಬರು ಗುಂಪಿನಿಂದ ಹೊಡೆತ ತಿಂದರು. ಆಸ್ಪತ್ರೆಯಲ್ಲಿದ್ದ ಅವರ ಮೇಲೆಯೇ ಪೋಕ್ಸೊ ಕಾಯಿದೆಯ ಪ್ರಕರಣ ದಾಖಲಾಯಿತು. ಕೆಲವು ದಿನಗಳ ಬಳಿಕ ದೂರು ಹಿಂತೆಗೆದುಕೊಳ್ಳುವುದಾಗಿ ಆ ಕುಟುಂಬ ತಿಳಿಸಿತು. ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತವು, ಮಾರ್ಚ್ 22ರಂದು ಬಂದ್ ನಡೆಯಿತು. ಈ ಗದ್ದಲದಲ್ಲಿ ಟಿಕೆಟ್ಟಿನ ಮಾತನ್ನು ಎಲ್ಲರೂ ಮರೆತರು. ಗಡಿಯಲ್ಲಿ ಭಾಷೆ ಬೇಗ ಹೊತ್ತಿಕೊಳ್ಳುತ್ತದೆ. ಆದರೆ ದಿನನಿತ್ಯದ ಬೈಗುಳ ಅಚ್ಚಗನ್ನಡದಲ್ಲಿಯೂ ಸೊಗಸಾಗಿಯೇ ನಡೆಯುತ್ತದೆ.

ಕಾಗದವಿಲ್ಲದುದೇ ರೋಗವಾದರೆ ಮದ್ದೂ ಕಾಗದವೇ. ಟಿಕೆಟ್ ಯಂತ್ರ ಪ್ರತಿ ಟಿಕೆಟ್ಟಿನ ವೇಳೆಯನ್ನೂ ಹತ್ತಿದ ಸ್ಥಳವನ್ನೂ ಉಳಿಸಿಕೊಂಡಿರುತ್ತದೆ. ಜಗಳವಾದೊಡನೆ ಆ ಟಿಕೆಟ್ಟಿನ ಸಂಖ್ಯೆ, ಸ್ಥಳ, ಆಡಿದ ಮಾತು ಇದ್ದಂತೆಯೇ, ಇವಿಷ್ಟನ್ನು ಬರೆದು ಡ್ರೈವರರಿಂದ ಸಹಿ ಹಾಕಿಸಬೇಕು. ಒಪ್ಪುವ ಪ್ರಯಾಣಿಕರೊಬ್ಬರ ಹೆಸರಿದ್ದರೆ ಇನ್ನೂ ಲೇಸು. ದಣಿದ ಕಂಡಕ್ಟರನು ಇದನ್ನು ನಾಳೆಗೆಂದು ಬಿಡುತ್ತಾನೆ. ನಾಳೆ ದೂರು ಬಂದಮೇಲೆ ಕೊಟ್ಟ ವರದಿ ನೆಪದಂತೆ ಕಾಣುತ್ತದೆ. ಆ ರಾತ್ರಿ ಹಣ ಕಟ್ಟುವಾಗಲೇ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಒತ್ತಿಸಿಕೊಂಡರೆ, ಮರುದಿನ ಮ್ಯಾನೇಜರರ ಮೇಜಿನ ಮೇಲೆ ಎರಡು ಕಾಗದಗಳಿರುತ್ತವೆ. ಮೊದಲು ಬಂದುದು ಅವನದಾಗಿರುತ್ತದೆ.