ಚೊಕ್ಕಟಗೊಳಿಸಿ ಎಂದಷ್ಟೇ ಹೇಳಿದಾಗ



ನಮ್ಮ ಕನ್ನಡ ಶಾಲೆಗಳಲ್ಲಿ ಕಂಪ್ಯೂಟರ್ ಬಲ್ಲ ಶಿಕ್ಷಕರ ಬಳಿಗೆ ಆಗಾಗ ಒಂದು ವರ್ಡ್ ಕಡತ ಬರುತ್ತದೆ. ಅದರೊಡನೆ ಬರುವ ಸೂಚನೆ ಒಂದೇ ಸಾಲಿನದು: “ಇದನ್ನು ಚೊಕ್ಕಟಗೊಳಿಸಿ ಕೊಡಿ.” ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಇಂತಹ ಕಡತವನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕೆಂಬುದನ್ನು ಒಂದು ಉದಾಹರಣೆಯ ಮೂಲಕ ವಿವರಿಸಬಯಸುತ್ತೇನೆ.

ಕರಣಕೋಟದ ಮಕ್ಕಳಿಗಾಗಿ ಮೂವರು ಶಿಕ್ಷಕರು ಕೂಡಿ ‘ನಮ್ಮ ಊರು’ ಎಂಬ ಅಭ್ಯಾಸ ಪುಸ್ತಿಕೆಯನ್ನು ಬರೆದಿದ್ದಾರೆಂದು ಭಾವಿಸೋಣ. ತಾಂಡೂರಿನ ಹಾಸುಗಲ್ಲಿನ ಪಾಠವನ್ನು ಒಬ್ಬರು ಹಳೆಯ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದಾರೆ. ಸಿಮೆಂಟ್ ಕಾರ್ಖಾನೆಯ ಪಾಠ ಮೊಬೈಲಿನಿಂದ ಬಂದಿದೆ. ತೊಗರಿಯ ಪಾಠ ತುಂಗಾ ಅಕ್ಷರದಲ್ಲಿದೆ. ಒಂದು ಶೀರ್ಷಿಕೆ ದಪ್ಪ, ಇನ್ನೊಂದಕ್ಕೆ ಅಡಿಗೆರೆ, ಮತ್ತೊಂದು ಬರಿಯ ದೊಡ್ಡ ಅಕ್ಷರ.

ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಎಲ್ಲವನ್ನೂ ಆಯ್ದು ಒಂದೇ ಫಾಂಟ್ ಕೊಡುವುದು. ಕನ್ನಡದಲ್ಲಿ ಇದೇ ಅಪಾಯದ ಹೆಜ್ಜೆ. ಹಳೆಯ ನುಡಿಯ ಬರಹದಲ್ಲಿ ಕಂಪ್ಯೂಟರು ಉಳಿಸಿಕೊಂಡಿರುವುದು ಕನ್ನಡ ಅಕ್ಷರಗಳನ್ನಲ್ಲ, ರೋಮನ್ ಅಕ್ಷರಗಳ ಸಂಕೇತಗಳನ್ನು. ಅವು ಕನ್ನಡವಾಗಿ ಕಾಣುವುದು `Nudi 01 e` ಎಂಬಂತಹ ಫಾಂಟಿನ ಬಲದಿಂದ ಮಾತ್ರ. ಫಾಂಟ್ ಬದಲಾದೊಡನೆ ‘ಕನ್ನಡ’ ಎಂಬ ಪದ ಹೀಗಾಗುತ್ತದೆ:

```
PÀ£ÀßqÀ
```

`Ctrl+Space` ಒತ್ತಿ ಅಲಂಕಾರಗಳನ್ನು ಅಳಿಸಿದರೂ ಇದೇ ಗತಿ. ಆದುದರಿಂದ ಮೊದಲು ಮೂಲ ಕಡತದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿರಿ. ಅನಂತರ ಪ್ರತಿ ಭಾಗದಿಂದಲೂ ಒಂದೊಂದು ಸಾಲನ್ನು ನಕಲಿಸಿ `Notepad`ನಲ್ಲಿ ಅಂಟಿಸಿರಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಮೇಲಿನಂತೆ ಕಂಡರೆ ಹಳೆಯ ಸಂಕೇತ.

ಹಳೆಯ ಭಾಗವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತರಬೇಕು. ಆ ಭಾಗವನ್ನಷ್ಟೇ ಕೊಡಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಪರಿವರ್ತಿಸಿದ ಪುಟವನ್ನು ಮೂಲದೊಡನೆ ಹೋಲಿಸಿ ಓದುವಾಗ ಅರ್ಕಾವತ್ತಿನ ಮೇಲೆ ಕಣ್ಣಿಡಿರಿ. ಹಳೆಯ ಬರಹದಲ್ಲಿ ಅದು ಅಕ್ಷರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ರಕಾರವು ಮೊದಲು ಬರಬೇಕು. ‘ಸೂರ್ಯ’, ‘ಕಾರ್ಖಾನೆ’ಗಳಂತಹ ಪದಗಳು ಕೆಡುವುದು ಇಲ್ಲಿಯೇ.

ಈಗ ರೂಪದ ಕೆಲಸ. ಅಕ್ಷರ ಎಷ್ಟು ದೊಡ್ಡದಿದೆ ಎಂಬುದನ್ನು ನೋಡಿ ಶೀರ್ಷಿಕೆಯ ದರ್ಜೆಯನ್ನು ನಿರ್ಧರಿಸಬಾರದು. ಆ ಸಾಲಿನ ಕೆಳಗೆ ಏನು ಅಡಗಿದೆ ಎಂಬುದನ್ನು ನೋಡಬೇಕು. ಮೂರು ಪಾಠಗಳ ಹೆಸರುಗಳು `Heading 1`. ಪಾಠದೊಳಗಿನ ‘ಪದಗಳ ಅರ್ಥ’, ‘ಪ್ರಶ್ನೆಗಳು’ ಮೂರರಲ್ಲಿಯೂ `Heading 2`. ಉಳಿದ ಬರಹವೆಲ್ಲ `Normal`. ಫಾಂಟ್, ಗಾತ್ರ, ಅಂತರಗಳನ್ನು ಸಾಲುಸಾಲಿಗೆ ಕೊಡದೆ ಈ ಶೈಲಿಗಳಲ್ಲಿಯೇ ಒಮ್ಮೆ ಬದಲಿಸಿರಿ. ವರ್ಡ್‌ನಲ್ಲಿ ಕನ್ನಡದ ಫಾಂಟಿಗೆ `Complex scripts` ಎಂಬ ಪ್ರತ್ಯೇಕ ಸ್ಥಳವಿದೆ. ಮೇಲಿನ `Latin text` ಸ್ಥಳದಲ್ಲಿ ಮಾತ್ರ ಹೆಸರು ಕೊಟ್ಟು, ಕನ್ನಡ ಬದಲಾಗಲಿಲ್ಲವೆಂದು ಬೇಸರಪಡುವವರು ಅನೇಕರು.

ಸಾಲುಗಳ ಅಂತರಕ್ಕೆ `Exactly` ಬೇಡ. ಇಂಗ್ಲಿಷಿಗೆ ಸಾಕಾದ ಎತ್ತರದಲ್ಲಿ ನಮ್ಮ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. `Multiple` ಆರಿಸಿ 1.15 ಕೊಟ್ಟರೆ ಸಾಮಾನ್ಯವಾಗಿ ಸಾಕು. `Ctrl+Shift+8` ಒತ್ತಿದರೆ ಖಾಲಿ ಸಾಲುಗಳೂ ಹೆಚ್ಚುವರಿ ಬಿಡುವುಗಳೂ ಗುರುತುಗಳಾಗಿ ಕಾಣುತ್ತವೆ. ಅವನ್ನು ತೆಗೆದು, ಅಂತರವನ್ನು ಶೈಲಿಗೇ ಒಪ್ಪಿಸಿರಿ. ಆದರೆ ‘ವರ್ಡ್‌ನಲ್ಲಿ’ ಎಂಬಂತಹ ಪದದ ನಡುವೆ ಕಾಣದ ಒಂದು ಗುರುತು ಇರುತ್ತದೆ. ಅದನ್ನೂ ಕಸವೆಂದು ಅಳಿಸಿದರೆ ‘ವರ್ಡ್ನಲ್ಲಿ’ ಎಂದು ಅಕ್ಷರಗಳು ಕೂಡಿಕೊಳ್ಳುತ್ತವೆ.

ಪದಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದುದು. ಚೊಕ್ಕಟಗೊಳಿಸಲು ಹೇಳಿದವರು ತಿದ್ದಲು ಹೇಳಿಲ್ಲ. ಮಗುವೊಂದು ತನ್ನ ಬರಹದಲ್ಲಿ ‘ಸಾಲಿಗಿ ಹೋದೆ’ ಎಂದು ಬರೆದಿದ್ದರೆ, ಕೆಂಪು ಗೆರೆ ಕಂಡಿತೆಂದು ಅದನ್ನು ‘ಶಾಲೆಗೆ’ ಎಂದು ಮಾಡಬಾರದು. ಗಡಿಯ ಕನ್ನಡದ ಆ ರೂಪವನ್ನು ಶಿಕ್ಷಕರು ಬೇಕೆಂದೇ ಉಳಿಸಿರಬಹುದು. ಪ್ರಶ್ನೆಗಳ ಸಂಖ್ಯೆ 4ರಿಂದ 6ಕ್ಕೆ ಹಾರಿದ್ದರೂ ಮೌನವಾಗಿ ಸರಿಪಡಿಸಬೇಡಿರಿ. ಒಂದು ಪ್ರಶ್ನೆಯೇ ಬಿಟ್ಟುಹೋಗಿರಬಹುದು, ಅಥವಾ ಬೇರೊಂದು ಪುಟದಲ್ಲಿ ‘6ನೆಯ ಪ್ರಶ್ನೆಯನ್ನು ನೋಡಿರಿ’ ಎಂದಿರಬಹುದು. ಇಂತಹವನ್ನು `New Comment` ಮೂಲಕ ಅಂಚಿನಲ್ಲಿ ಬರೆದು ಕೇಳಿರಿ.

ಕೊನೆಗೆ `Navigation Pane` ತೆರೆದು ನೋಡಿರಿ. ಮೂರು ಪಾಠಗಳೂ ಅವುಗಳ ಉಪಶೀರ್ಷಿಕೆಗಳೂ ಅಲ್ಲಿ ಕ್ರಮವಾಗಿ ಕಾಣಬೇಕು. ಪೂರ್ತಿ ಪ್ಯಾರಾವೊಂದು ಅಲ್ಲಿ ಕಂಡರೆ ಅದಕ್ಕೆ ತಪ್ಪು ಶೈಲಿ ತಗುಲಿದೆ ಎಂದರ್ಥ. ಮರಳಿ ಕಳುಹಿಸುವಾಗ ವರ್ಡ್ ಕಡತದೊಡನೆ ಪಿಡಿಎಫ್ ಪ್ರತಿಯನ್ನೂ ಇಡಿರಿ, ಏಕೆಂದರೆ ಪಡೆದವರ ಯಂತ್ರದಲ್ಲಿ ನೀವು ಆರಿಸಿದ ಫಾಂಟ್ ಇಲ್ಲದಿರಬಹುದು.