ಲ್ಯಾಪ್‌ಟಾಪಿನ ನಿಜವಾದ ಬೆಲೆ: ದುರಸ್ತಿಯ ಸಂಭವವನ್ನು ರೂಪಾಯಿಗಳಲ್ಲಿ ಅಳೆಯುವ ಬಗೆ



2021ರ ಜನವರಿಯಲ್ಲಿ ಆಂಧ್ರಪ್ರದೇಶ ಸರಕಾರವು ಅಮ್ಮ ಒಡಿ ಯೋಜನೆಯ ಹಣಕ್ಕೆ ಬದಲಾಗಿ 9ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳು ಲ್ಯಾಪ್‌ಟಾಪನ್ನು ಆರಿಸಿಕೊಳ್ಳಬಹುದೆಂದು ಪ್ರಕಟಿಸಿತು. ಹಣ ಬೇಕೆ, ಯಂತ್ರ ಬೇಕೆ ಎಂಬ ಪ್ರಶ್ನೆ ಆಗ ಪರಿಗಿ ಮಂಡಲದಂತಹ ಗಡಿನಾಡಿನ ಮನೆಗಳಿಗೂ ಬಂದಿತು. ಆ ಆಯ್ಕೆಯ ಮಾತು ಹಿಂದೆ ಸರಿದರೂ ಪ್ರಶ್ನೆ ಉಳಿದಿದೆ. ಹತ್ತನೆಯ ತರಗತಿ ಮುಗಿಸಿ ಡಿಪ್ಲೊಮಾ ಸೇರುವ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಳ್ಳಲು ಹೊರಟ ತಂದೆತಾಯಿಗಳು ಮೊದಲು ಸಲಹೆ ಕೇಳುವುದು ಊರಿನ ಅಧ್ಯಾಪಕರನ್ನೇ. ಅಂಗಡಿಯ ಚೀಟಿಯಲ್ಲಿರುವ ಅಂಕೆ ವೆಚ್ಚದ ಆರಂಭ ಮಾತ್ರ. ಮೂರು ವರ್ಷಗಳಲ್ಲಿ ಒಟ್ಟು ಎಷ್ಟಾಗುವುದೆಂದು ಅಂದಾಜು ಮಾಡುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ. ಇದರಲ್ಲಿ ಬರುವ ಬೆಲೆಗಳೂ ಸಂಭವಗಳೂ ಲೆಕ್ಕವನ್ನು ತೋರಿಸಲು ಹಿಡಿದ ಅಂಕೆಗಳು.

ಪರಿಗಿಯ ಬಳಿ ರೇಷ್ಮೆ ಬೆಳೆಯುವ ಒಂದು ಕುಟುಂಬವಿದೆಯೆಂದು ಭಾವಿಸಬಹುದು. ಮಗಳು ಹಿಂದೂಪುರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬಂದು ಮೂರು ವರ್ಷದ ಡಿಪ್ಲೊಮಾ ಓದಬೇಕಾಗಿದೆ. ಅಂಗಡಿಯಲ್ಲಿ ಎರಡು ಯಂತ್ರಗಳನ್ನು ತೋರಿಸುತ್ತಾರೆ. ಮೊದಲನೆಯದರ ಬೆಲೆ 32,000 ರೂಪಾಯಿ. ಅದರಲ್ಲಿ ವಿಂಡೋಸ್ ಇಲ್ಲ, ಚೀಲವೂ ಇಲ್ಲ. ಎರಡನೆಯದರ ಬೆಲೆ 36,500 ರೂಪಾಯಿ. ವಿಂಡೋಸ್ ಅದರೊಳಗೇ ಇದೆ, ಚೀಲವನ್ನು ಜೊತೆಗೇ ಕೊಡುತ್ತಾರೆ. ಎರಡಕ್ಕೂ ಒಂದೊಂದು ವರ್ಷದ ವಾರಂಟಿ. ಮೇಲುನೋಟಕ್ಕೆ ಮೊದಲನೆಯದು 4,500 ರೂಪಾಯಿ ಅಗ್ಗ.

ತಂದೆ ಮೊದಲು ಕೇಳಬೇಕಾದುದು ಈ ಬೆಲೆಯಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು. ಲ್ಯಾಪ್‌ಟಾಪಿನ ಮೇಲಿನ ಜಿ.ಎಸ್.ಟಿ. ಶೇಕಡಾ 18. ತೆರಿಗೆ ಬಿಟ್ಟು ಹೇಳಿದ 32,000 ರೂಪಾಯಿ ಬಿಲ್ಲಿಗೆ ಬರುವಾಗ 37,760 ಆಗುತ್ತದೆ. ಬಿಲ್ಲು ಬೇಡವೆಂದರೆ ಕಡಿಮೆ ಮಾಡುತ್ತೇವೆ ಎಂಬ ಮಾತಿಗೆ ಒಪ್ಪಬಾರದು. ಯಾವ ದಿನ ಕೊಂಡದ್ದೆಂಬುದಕ್ಕೆ ಬಿಲ್ಲೇ ಸಾಕ್ಷಿ. ಅದಿಲ್ಲದೆ ವಾರಂಟಿಯ ಬೇಡಿಕೆ ನಿಲ್ಲುವುದು ಕಷ್ಟ. ಯಂತ್ರದ ತಳದಲ್ಲಿರುವ ಸೀರಿಯಲ್ ಸಂಖ್ಯೆ ಬಿಲ್ಲಿನಲ್ಲಿಯೂ ಇರಬೇಕು. ನಮ್ಮ ಉದಾಹರಣೆಯ ಎರಡು ಬೆಲೆಗಳಲ್ಲಿಯೂ ತೆರಿಗೆ ಸೇರಿದೆ.

ಇನ್ನು ತಂತ್ರಾಂಶ. ಮೊದಲನೆಯ ಯಂತ್ರಕ್ಕೆ ವಿಂಡೋಸನ್ನು ಬೇರೆಯಾಗಿ ಕೊಂಡರೆ 6,000 ರೂಪಾಯಿ, ಚೀಲಕ್ಕೆ 900 ರೂಪಾಯಿ ಎಂದಿಟ್ಟುಕೊಂಡರೆ ಅದು 38,900 ಆಗುತ್ತದೆ. ಅಗ್ಗವೆನಿಸಿದ ಯಂತ್ರವೇ 2,400 ರೂಪಾಯಿ ದುಬಾರಿಯಾಯಿತು. ಹಣ ಕೊಡದೆ ದೊರೆಯುವ ಲಿನಕ್ಸ್ ಹಾಕಿಕೊಂಡರೆ ವೆಚ್ಚ 32,900ರಲ್ಲೇ ನಿಲ್ಲುವುದು ನಿಜ. ಆದರೆ ಆಟೋಕ್ಯಾಡ್, ಟ್ಯಾಲಿ ಮೊದಲಾದವು ವಿಂಡೋಸಿಗಾಗಿ ರಚಿತವಾದವು. ಆದುದರಿಂದ ಕಾಲೇಜಿನಲ್ಲಿ ಯಾವ ತಂತ್ರಾಂಶವನ್ನು ಕಲಿಸುತ್ತಾರೆಂದು ವಿಚಾರಿಸಿಯೇ ಈ ತೀರ್ಮಾನಕ್ಕೆ ಬರಬೇಕು.

ಎರಡನೆಯ ಯಂತ್ರದಲ್ಲಿಯೂ ಒಂದು ಮರೆಯ ವೆಚ್ಚ ಇರಬಹುದು. ‘ಆಫೀಸ್ ಉಂಟು’ ಎಂದು ಹೇಳುವಾಗ ಅದು ಶಾಶ್ವತವೋ, ಒಂದು ವರ್ಷದ ಚಂದಾ ಮಾತ್ರವೋ ಎಂದು ಕೇಳಬೇಕು. ಚಂದಾ ಆಗಿದ್ದು ಉಳಿದ ಎರಡು ವರ್ಷಕ್ಕೆ ವರ್ಷಕ್ಕೆ 4,500ರಂತೆ ಕಟ್ಟಬೇಕಾದರೆ 9,000 ರೂಪಾಯಿ ಸೇರುತ್ತದೆ. ಪತ್ರ ಬರೆಯಲು, ಕೋಷ್ಟಕ ಹಾಕಲು ಉಚಿತವಾದ ಲಿಬ್ರೆ ಆಫೀಸ್ ಸಾಕು. ಕನ್ನಡಕ್ಕೆ ಗಣಕ ಪರಿಷತ್ತಿನ ನುಡಿ ಉಚಿತವಾಗಿಯೇ ದೊರೆಯುತ್ತದೆ. ಈ ಕುಟುಂಬ ಹಾಗೆ ಮಾಡಿ 36,500ರಲ್ಲೇ ಉಳಿಯಿತೆಂದು ಭಾವಿಸಬಹುದು.

ಈಗ ಕಠಿಣವಾದ ಭಾಗ, ದುರಸ್ತಿ. ಕೆಡುವುದೋ ಇಲ್ಲವೋ ತಿಳಿಯದ ವಸ್ತುವಿಗೆ ಎಷ್ಟು ಹಣ ಎಂದು ಬರೆಯುವುದು ಹೇಗೆ? ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಬ್ಬಳ ಬದಲು ಇಪ್ಪತ್ತು ವಿದ್ಯಾರ್ಥಿಗಳನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮೂರು ವರ್ಷಗಳಲ್ಲಿ ಅವರಲ್ಲಿ ಇಬ್ಬರ ಪರದೆ ಒಡೆಯಿತು ಎನ್ನೋಣ. ಪರದೆಗೆ 7,000 ರೂಪಾಯಿ. ದುರಸ್ತಿ ಕೇಂದ್ರ ಬೆಂಗಳೂರಿನಲ್ಲಿದ್ದರೆ ಕೊಡಲು ಒಮ್ಮೆ, ತರಲು ಒಮ್ಮೆ ಹೋಗಬೇಕು. ಬಸ್ಸಿನ ಖರ್ಚು, ತಪ್ಪಿದ ಕೂಲಿ ಎಲ್ಲ ಸೇರಿ 1,000. ಒಬ್ಬರಿಗೆ 8,000, ಇಬ್ಬರಿಗೆ 16,000. ಅದನ್ನು ಇಪ್ಪತ್ತು ಮಂದಿಗೆ ಹಂಚಿದರೆ ತಲೆಗೆ 800 ರೂಪಾಯಿ. ಪರದೆಯ ಅಪಾಯದ ಬೆಲೆ ಅಷ್ಟು.

ಇದೇ ರೀತಿ ಕೀಲಿಮಣೆಯ ಮೇಲೆ ನೀರೋ ಚಹವೋ ಚೆಲ್ಲಿ ಇಬ್ಬರಿಗೆ 5,000ದಂತೆ ಖರ್ಚಾದರೆ ತಲೆಗೆ 500. ವಾರಂಟಿ ಮುಗಿದ ಮೇಲೆ ಒಬ್ಬರ ಮದರ್‌ಬೋರ್ಡ್ ಕೆಟ್ಟು 14,000 ತಗಲಿದರೆ ತಲೆಗೆ 700. ಐವರು 1,600 ಕೊಟ್ಟು ಚಾರ್ಜರ್ ಬದಲಿಸಿದರೆ 400. ಹತ್ತು ಮಂದಿ ಮೂರನೆಯ ವರ್ಷ 3,000 ಕೊಟ್ಟು ಬ್ಯಾಟರಿ ಹಾಕಿಸಿದರೆ 1,500. ಒಟ್ಟು 3,900. ಇದು ಎರಡೂ ಯಂತ್ರಗಳಿಗೆ ಸಮಾನ. ಹೀಗಾಗಿ ಮೊದಲನೆಯದರ ಮೂರು ವರ್ಷದ ಅಂದಾಜು ವೆಚ್ಚ 42,800, ಎರಡನೆಯದರದು 40,400.

ಈ ಹೊತ್ತಿಗೆ ಅಂಗಡಿಯವರು ಹೇಳುತ್ತಾರೆ: ‘ಇನ್ನೂ 4,000 ಕೊಟ್ಟರೆ ಎರಡು ವರ್ಷ ವಾರಂಟಿ ಹೆಚ್ಚುತ್ತದೆ.’ ವಾರಂಟಿಯು ತಯಾರಿಕೆಯ ದೋಷಕ್ಕೆ ಮಾತ್ರ ಅನ್ವಯಿಸುತ್ತದೆ. ಬಿದ್ದು ಒಡೆದ ಪರದೆಗಾಗಲಿ ಚೆಲ್ಲಿದ ನೀರಿಗಾಗಲಿ ಅಲ್ಲ. ಬ್ಯಾಟರಿಗೆ ಅನೇಕ ಕಂಪೆನಿಗಳು ಒಂದೇ ವರ್ಷದ ಹೊಣೆ ಹೊರುತ್ತವೆ. ನಮ್ಮ ಪಟ್ಟಿಯಲ್ಲಿ ಈ ವಾರಂಟಿ ನಿಶ್ಚಯವಾಗಿ ತಡೆಯುವುದು ಮದರ್‌ಬೋರ್ಡಿನ 700 ರೂಪಾಯಿಯನ್ನು. ಚಾರ್ಜರಿನ 400 ಸೇರಿಸಿದರೂ 1,100. ಅದಕ್ಕಾಗಿ 4,000 ಕೊಡುವುದು ಲೆಕ್ಕಕ್ಕೆ ಹೊಂದುವುದಿಲ್ಲ. ಆಕಸ್ಮಿಕ ಹಾನಿಯ ರಕ್ಷಣೆ ಬೇರೆ. ಮೂರು ವರ್ಷಕ್ಕೆ 3,000 ಎಂದಾದರೆ ಅದು ಪರದೆ ಮತ್ತು ಚೆಲ್ಲುವಿಕೆಯ 1,300 ರೂಪಾಯಿಯ ಅಪಾಯವನ್ನು ಹೊರುತ್ತದೆ. ಸರಾಸರಿಯಲ್ಲಿ ಅದೂ ನಷ್ಟವೇ. ಮಾರುವವರ ಖರ್ಚು, ಲಾಭ ಎರಡೂ ಅದರೊಳಗಿರುವುದರಿಂದ ಹಾಗೆ ಆಗದೆ ಇರದು.

ಆದರೆ ಸರಾಸರಿ ಇಪ್ಪತ್ತು ಮಂದಿಗೆ ಸತ್ಯ, ಒಬ್ಬಳಿಗೆ ಅಲ್ಲ. ಆ ಹುಡುಗಿಗೆ ಪರದೆಯ ಖರ್ಚು ಸೊನ್ನೆಯಾಗಬಹುದು ಅಥವಾ 8,000 ಆಗಬಹುದು. 800 ಎಂದೂ ಆಗದು. ಗೂಡು ಮಾರಿದ ತಿಂಗಳಲ್ಲಿ 8,000 ಹೊಂದಿಸುವುದು ಸಾಧ್ಯ. ಹುಳು ಜ್ವರಕ್ಕೆ ಕೂತ ವಾರದಲ್ಲಿ, ಬೆಳೆ ಕೈಕೊಟ್ಟ ಸಾಲಿನಲ್ಲಿ ಪರದೆ ಒಡೆದರೆ ಯಂತ್ರ ಮೂಲೆ ಸೇರುತ್ತದೆ, ಓದು ನಿಲ್ಲುತ್ತದೆ. ಆದುದರಿಂದ ಅಧ್ಯಾಪಕರು ಕೇಳಬೇಕಾದುದು ಒಂದೇ: ‘ಯಾವ ತಿಂಗಳಲ್ಲಾದರೂ ಸಾಲವಿಲ್ಲದೆ ಎಂಟು ಸಾವಿರ ತೆಗೆಯಬಲ್ಲಿರಾ?’ ಹೌದೆಂದರೆ ರಕ್ಷಣೆ ಬೇಡ, ಆ ಹಣ ಅಂಚೆ ಕಚೇರಿಯ ಖಾತೆಯಲ್ಲಿರಲಿ. ಇಲ್ಲವೆಂದರೆ ಆಕಸ್ಮಿಕ ಹಾನಿಯ ರಕ್ಷಣೆ ಕೊಳ್ಳಲಿ. ಸರಾಸರಿಗಿಂತ ಹೆಚ್ಚು ತೆತ್ತ 1,700 ರೂಪಾಯಿ ಓದು ನಿಲ್ಲದಿರಲು ಕೊಟ್ಟ ಬೆಲೆ. ಮನೆಗೇ ಬಂದು ದುರಸ್ತಿ ಮಾಡುವರೆಂದು ಬರೆದಿದ್ದರೆ ಪರಿಗಿಯ ಪಿನ್‌ಕೋಡಿಗೂ ಬರುವರೇ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಕಲ್ಪಿಸಿದ ಸಂಭವಗಳ ಜಾಗದಲ್ಲಿ ಊರಿನದೇ ಅಂಕೆಗಳನ್ನು ಇಡುವುದು ಅಧ್ಯಾಪಕರಿಂದ ಸಾಧ್ಯ. ಶಾಲೆಯ ಇಪ್ಪತ್ತು ಹಳೆಯ ವಿದ್ಯಾರ್ಥಿಗಳನ್ನು ಏನು ಕೆಟ್ಟಿತು, ಎಷ್ಟನೆಯ ವರ್ಷ, ಎಷ್ಟು ಕೊಟ್ಟಿರಿ, ಎಷ್ಟು ಬಾರಿ ಓಡಾಡಿದಿರಿ ಎಂದು ಕೇಳಿ ಬರೆದಿಟ್ಟರೆ ಸಾಕು. ಆ ಹಾಳೆಯನ್ನು ಹತ್ತನೆಯ ತರಗತಿಯ ಮಕ್ಕಳ ಕೈಗೆ ಕೊಟ್ಟು ತಲೆಗೆ ಎಷ್ಟಾಯಿತೆಂದು ಲೆಕ್ಕ ಹಾಕಿಸಬೇಕು. ಮುಂದಿನ ಜೂನಿನಲ್ಲಿ ಸಲಹೆ ಕೇಳಲು ಬರುವ ತಂದೆಗೆ ತೋರಿಸುವುದು ಆ ಹಾಳೆಯನ್ನೇ.